ಒಂಟಿಯಾಗಿರೋ ಅಮ್ಮನಿಗೆ ಇನ್ಸುಲಿನ್ ನಡೀತಿದ್ರೆ: ನರ್ಸ್ ಯಾವ ಕೆಲ್ಸಕ್ಕೆ, ಕೇರ್‌ಟೇಕರ್ ಯಾವ ಕೆಲ್ಸಕ್ಕೆ

ನಾನು ನರ್ಸ್. ಜಿಎನ್‌ಎಂ ಮುಗಿಸಿ 6 ವರ್ಷ ಆಸ್ಪತ್ರೆ ವಾರ್ಡಲ್ಲಿ ಇದ್ದು, ಈಗ 9 ವರ್ಷದಿಂದ ಬೆಂಗಳೂರಲ್ಲಿ ಮನೆಮನೆಗೆ ಹೋಗಿ ಕೆಲ್ಸ ಮಾಡ್ತಿದೀನಿ, ಹೆಚ್ಚಾಗಿ ಬಸವನಗುಡಿ, ತ್ಯಾಗರಾಜನಗರ, ಬನಶಂಕರಿ ಕಡೆ, ಯಾಕಂದ್ರೆ ನನ್ನ ಸ್ಕೂಟಿ ಅದಕ್ಕಿಂತ ದೂರ ಹೋದ್ರೆ ದಿನಕ್ಕೆ ನಾಲ್ಕು ಮನೆ ಮುಟ್ಟಕ್ಕಾಗಲ್ಲ. ಫೋನ್ ಮಾಡೋರು ಹೆಚ್ಚುಕಡಿಮೆ ಎಲ್ರೂ ಒಂದೇ ಥರ ಶುರು ಮಾಡ್ತಾರೆ. "ಸಿಸ್ಟರ್, ಅಮ್ಮ ಒಬ್ರೇ ಇದಾರೆ, ಒಂದು ಒಳ್ಳೆ ನರ್ಸ್ ಬೇಕು, 24 ಗಂಟೆ." ನಾನು ವಾಪಸ್ ಕೇಳೋದು ಒಂದೇ ಪ್ರಶ್ನೆ, ನರ್ಸ್ ಯಾವ ಕೆಲ್ಸಕ್ಕೆ ಬೇಕು? ಅಲ್ಲಿಗೆ ಫೋನಲ್ಲಿ ಒಂದು ನಿಮಿಷ ಸದ್ದಿರಲ್ಲ.

ಎಲ್ಲಾ ಥರದ ಕಾಯಿಲೆ ಬಗ್ಗೆ ಬರೆಯಕ್ಕೆ ಹೋಗಲ್ಲ. ನಾನು ಅತಿ ಹೆಚ್ಚು ನೋಡೋದು ಒಂದು ಥರದ ಮನೆ, ಅದರ ಬಗ್ಗೆ ಮಾತ್ರ ಬರೀತೀನಿ. ವಯಸ್ಸಾದ ಅಮ್ಮ ಅಥವಾ ಅಪ್ಪ, ಶುಗರ್ ಇದೆ, ಇನ್ಸುಲಿನ್ ತಗೋತಾರೆ, ಓಡಾಡ್ಕೊಂಡಿದಾರೆ, ಇಷ್ಟು ದಿನ ಇನ್ಸುಲಿನ್ ಹಾಕ್ತಿದ್ದ ಗಂಡನೋ ಹೆಂಡ್ತಿನೋ ಹೋಗ್ಬಿಟ್ಟಿದಾರೆ. ಮಕ್ಕಳು ಒಬ್ರು ಸರ್ಜಾಪುರ ರಸ್ತೆ ಕಡೆ, ಇನ್ನೊಬ್ರು ಹೊರದೇಶ.

ತ್ಯಾಗರಾಜನಗರದ ಒಂದು ಮನೆ ಹೇಳ್ತೀನಿ, ಅದನ್ನೇ ಇಟ್ಕೊಂಡು ಮುಂದಕ್ಕೆ ಹೋಗಣ. ಅಮ್ಮನಿಗೆ 76. ಸ್ವಂತ ಮನೆ, ಕೆಳಗಡೆ ಇವ್ರು, ಮೇಲ್ಗಡೆ ಬಾಡಿಗೆಯವ್ರು. ಬೇಗ ಕೆಲ್ಸ ಮಾಡೋದು, ನಿಧಾನಕ್ಕೆ ಕೆಲ್ಸ ಮಾಡೋದು ಎರಡೂ ಸೇರಿಸಿ 30/70 ಅಂತಾರಲ್ಲ ಆ ಮಿಕ್ಸ್ ಇನ್ಸುಲಿನ್, ಬೆಳಿಗ್ಗೆ 18 ಯೂನಿಟ್, ಸಂಜೆ 10. ಮೆಟ್‌ಫಾರ್ಮಿನ್, ಬಿಪಿ ಮಾತ್ರೆ, ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ. ಯಜಮಾನ್ರು 12 ವರ್ಷ ದಿನಾ ಎರಡು ಹೊತ್ತು ಅವ್ರೇ ಹಾಕ್ತಿದ್ರಂತೆ, ಅಮ್ಮ ಒಂದಿನಾನೂ ಸಿರಿಂಜ್ ಮುಟ್ಟಿಲ್ಲ.

ಮೊದ್ಲು ಒಂದು ಹಗಲು ಒಂದು ರಾತ್ರಿ ಅಲ್ಲೇ ಇರಿ

ಏಜೆನ್ಸಿಗೆ ಫೋನ್ ಮಾಡೋಕಿಂತ ಮುಂಚೆ ಇದು. ಭಾನುವಾರ ಊಟಕ್ಕೆ ಹೋಗಿ ಬರೋದಲ್ಲ, ಪೂರ್ತಿ 24 ಗಂಟೆ. ಏನೂ ಸಹಾಯ ಮಾಡ್ಬೇಡಿ, ಸುಮ್ನೆ ನೋಡಿ ಬರ್ಕೊಳ್ಳಿ. ಎಷ್ಟೊತ್ತಿಗೆ ಎದ್ರು, ಹಾಸಿಗೆಯಿಂದ ಏಳುವಾಗ ಏನು ಹಿಡ್ಕೊಂಡ್ರು, ಸ್ನಾನದ ಮನೆಗೆ ಹೋಗಿ ಎಷ್ಟೊತ್ತಾಯ್ತು, ಮಾತ್ರೆ ಡಬ್ಬಿ ತೆಗೆದು ಯಾವ್ದನ್ನ ಎರಡು ಸಲ ನೋಡಿದ್ರು, ಮಧ್ಯಾಹ್ನ ನಿಜವಾಗ್ಲೂ ಊಟ ಮಾಡಿದ್ರಾ ಅಥವಾ ಮೊಸರನ್ನ ಎರಡು ತುತ್ತು ತಿಂದು ಮುಚ್ಚಿಟ್ರಾ. ರಾತ್ರಿ ಎಷ್ಟು ಸಲ ಎದ್ರು.

ಈ ಅಮ್ಮನ ಮಗಳು ಹಂಗೇ ಬರೆದಿದ್ರು, ಹಳೇ ಕ್ಯಾಲೆಂಡರ್ ಹಾಳೆ ಹಿಂದೆ. ಅದ್ರಲ್ಲಿ ಅಡುಗೆ ಅವ್ರೇ ಮಾಡ್ಕೋತಾರೆ, ಸ್ನಾನ ಅವ್ರೇ, ದೇವರ ಮನೆ ಅವ್ರೇ. ತೊಂದ್ರೆ ಇದ್ದಿದ್ದು ಮೂರೇ ಕಡೆ. ಇನ್ಸುಲಿನ್ ಮತ್ತೆ ಶುಗರ್ ನೋಡೋದು, ಸ್ನಾನದ ಮನೆ ಹೊಸಲು ದಾಟೋದು, ಒಬ್ರೇ ಇದ್ರೆ ಮಧ್ಯಾಹ್ನ ಊಟ ಬಿಡೋದು. ರಾತ್ರಿ ಒಂದೇ ಸಲ ಏಳ್ತಾರೆ, ಲೈಟ್ ಹಾಕ್ಕೊಂಡು ಹೋಗಿ ಬರ್ತಾರೆ.

ಈ ಪಟ್ಟಿ ಇಟ್ಕೊಂಡ್ರೆ ಯಾರು ಬೇಕು ಅಂತ ತಾನಾಗೇ ಗೊತ್ತಾಗತ್ತೆ. ನರ್ಸ್ ಅಂದ್ರೆ ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆದವ್ರು. ಇಂಜೆಕ್ಷನ್, ಡ್ರಿಪ್, ಕ್ಯಾಥೆಟರ್ ಹಾಕೋದು, ಮೂಗಿನ ಟ್ಯೂಬ್ ಬದಲಾಯಿಸೋದು, ಗಾಯದ ಡ್ರೆಸಿಂಗ್, ಇವೆಲ್ಲಾ ಅವ್ರ ಕೆಲ್ಸ, ಅದೂ ಡಾಕ್ಟರ್ ಬರೆದುಕೊಟ್ಟಿದ್ರೆ. ಕೇರ್‌ಟೇಕರ್ ಅಂದ್ರೆ ಕೆಲವು ತಿಂಗಳ ಟ್ರೈನಿಂಗ್ ಆದವ್ರು, ಇನ್ನು ಕೆಲವ್ರಿಗೆ ಅದೂ ಇರಲ್ಲ, ಬರೀ ಅನುಭವ. ಸ್ನಾನ ಮಾಡ್ಸೋದು, ನಡೆಸೋದು, ಊಟ ಕೊಡೋದು, ಡಬ್ಬಿಲಿ ಜೋಡಿಸಿಟ್ಟ ಮಾತ್ರೆ ಟೈಮಿಗೆ ಕೊಡೋದು, ಬಿಪಿ ಶುಗರ್ ನೋಡಿ ಬರೆಯೋದು ಅವ್ರ ಕೆಲ್ಸ. ಇಂಜೆಕ್ಷನ್ ಅವ್ರದ್ದಲ್ಲ. "ಅಯ್ಯೋ ನಮ್ ಹುಡ್ಗಿ ಎಲ್ಲಾ ಮಾಡ್ತಾಳೆ ಮೇಡಂ" ಅಂತ ಏಜೆನ್ಸಿಯವ್ರು ಹೇಳಿದ್ರೆ ಖುಷಿ ಪಡ್ಬೇಡಿ, ಅಲ್ಲೇ ಎಚ್ಚರ ಆಗಿ.

ಈ ಮನೆಗೆ ಮೊದ್ಲು ಕೊಟ್ಟ ಕೊಟೇಶನ್ 24 ಗಂಟೆ ನರ್ಸ್, ದಿನಕ್ಕೆ 2,200 ರೂಪಾಯಿ. ತಿಂಗಳಿಗೆ 66,000. ಅವ್ರ ಪಟ್ಟಿಲಿ ನರ್ಸ್ ಕೆಲ್ಸ ಅನ್ನೋದು ದಿನಕ್ಕೆ ಹೆಚ್ಚಂದ್ರೆ 20 ನಿಮಿಷ ಇತ್ತು! ಉಳಿದ ಹೊತ್ತು ಆ ನರ್ಸ್ ಸೋಫಾ ಮೇಲೆ ಕೂತು ಮೊಬೈಲ್ ನೋಡ್ತಾರೆ, ಅಮ್ಮಂಗೆ ಅದನ್ನ ನೋಡಿ ಕೋಪ ಬರತ್ತೆ, ಎರಡನೇ ವಾರಕ್ಕೆ ಜಗಳ.

ಬರೋರನ್ನ ನೋಡಿ ತಗೊಳ್ಳೋದು

ನರ್ಸ್ ಆದ್ರೆ ರಿಜಿಸ್ಟ್ರೇಶನ್ ಸರ್ಟಿಫಿಕೇಟ್ ಕೇಳಿ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ದೋ ಬೇರೆ ರಾಜ್ಯದ ಕೌನ್ಸಿಲ್‌ದೋ ಇರತ್ತೆ, ಅದ್ರಲ್ಲಿ ರಿಜಿಸ್ಟ್ರೇಶನ್ ನಂಬರ್ ಇರತ್ತೆ, ಆಧಾರ್‌ನಲ್ಲಿರೋ ಹೆಸ್ರು ಅದೂ ಹೊಂದಬೇಕು. ಕೇಳಿದ್ರೆ ನಾವ್ಯಾರೂ ಬೇಜಾರು ಮಾಡ್ಕೊಳಲ್ಲ, ಇಟ್ಕೊಂಡೇ ಓಡಾಡ್ತೀವಿ. ಕೋರ್ಸ್ ಸರ್ಟಿಫಿಕೇಟ್ ಬೇರೆ, ರಿಜಿಸ್ಟ್ರೇಶನ್ ಬೇರೆ, ಕೋರ್ಸ್ ಪಾಸಾಗಿ ರಿಜಿಸ್ಟರ್ ಆಗ್ದೇ ಇರೋರೂ ಬರ್ತಾರೆ. ಪೊಲೀಸ್ ವೆರಿಫಿಕೇಶನ್ ಆಗಿದೆ ಅಂತ ಏಜೆನ್ಸಿಯವ್ರು ಬಾಯಲ್ಲಿ ಹೇಳೋದನ್ನ ಬಿಟ್ಟು ಕಾಪಿ ಇಸ್ಕೊಳ್ಳಿ, ಯಾವ ತಾರೀಖಿಂದು ಅಂತ ನೋಡಿ.

ಕೇರ್‌ಟೇಕರ್‌ಗೆ ಸರ್ಟಿಫಿಕೇಟ್‌ಗಿಂತ ಕೈ ನೋಡಿ. ನಾನು ಮಾಡ್ಸೋ ಪರೀಕ್ಷೆ ಎರಡೇ. ಒಂದು, "ಅಮ್ಮಂಗೆ ಬಿಪಿ ನೋಡಮ್ಮ" ಅಂತೀನಿ. ಕೆಲ್ಸ ಗೊತ್ತಿರೋಳು ಅಮ್ಮನ್ನ ಮೊದ್ಲು ಕುರ್ಚಿಲಿ ಕೂರಿಸ್ತಾಳೆ, ಕಾಲು ನೆಲಕ್ಕೆ ಊರಿಸ್ತಾಳೆ, ಐದು ನಿಮಿಷ ಬಿಡ್ತಾಳೆ, ಕೈನ ಟೇಬಲ್ ಮೇಲೆ ಎದೆ ಮಟ್ಟಕ್ಕೆ ಇಡಿಸ್ತಾಳೆ, ಬಟ್ಟೆ ಮೇಲಕ್ಕೆ ಸರಿಸಿ ಬರಿ ತೋಳಿಗೆ ಪಟ್ಟಿ ಕಟ್ತಾಳೆ. ಗೊತ್ತಿಲ್ದೋಳು ಸ್ವೆಟರ್ ಮೇಲೇ ಕಟ್ಟಿ ಬಟನ್ ಒತ್ತಿ ಮಾತಾಡ್ತಾ ಇರ್ತಾಳೆ. ಎರಡು, "ಅಮ್ಮನ್ನ ಕುರ್ಚಿಯಿಂದ ಎಬ್ಬಿಸು". ಕೈ ಹಿಡಿದು ಎಳೆದ್ರೆ ಬೇಡ, ವಯಸ್ಸಾದವ್ರ ಭುಜ ಅಷ್ಟು ಗಟ್ಟಿ ಇರಲ್ಲ. ಅಮ್ಮನ್ನ ಕುರ್ಚಿ ತುದಿಗೆ ಜರುಗಿಸಿ, ಪಾದ ಹಿಂದಕ್ಕೆ ಎಳ್ಕೊಳ್ಳಕ್ಕೆ ಹೇಳಿ, ಸೊಂಟದ ಹತ್ರ ಆಸರೆ ಕೊಟ್ಟು "ಒಂದು ಎರಡು ಮೂರು" ಅಂತ ಎಬ್ಬಿಸಿ, ನಿಂತ ಮೇಲೆ ಒಂದು ಕ್ಷಣ ಕಾದು ಆಮೇಲೆ ನಡೆಸಿದ್ರೆ ಅವ್ಳಿಗೆ ಕೆಲ್ಸ ಬರತ್ತೆ.

ಭಾಷೆ ವಿಷ್ಯ ನಾನು ಸ್ವಲ್ಪ ಹಠ ಮಾಡ್ತೀನಿ. ಅಸ್ಸಾಂ, ಒಡಿಶಾ, ಜಾರ್ಖಂಡ್ ಕಡೆ ಹುಡ್ಗೀರು ತುಂಬಾ ಚೆನ್ನಾಗಿ ಕೆಲ್ಸ ಮಾಡ್ತಾರೆ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಅಮ್ಮಂಗೆ ಕನ್ನಡ ಬಿಟ್ರೆ ಬರಲ್ಲ ಅಂದ್ರೆ "ತಲೆ ಒಂಥರಾ ಆಗ್ತಿದೆ ಕಣಮ್ಮ" ಅನ್ನೋ ಮಾತು ಆ ಹುಡ್ಗಿಗೆ ಹೋಗಲ್ಲ, ಮತ್ತೆ ಶುಗರ್ ಇಳಿಯೋವಾಗ ಬರೋ ಮೊದಲ ಮಾತು ಅದೇ. ಕನ್ನಡದವ್ರು ಸಿಗ್ಲಿಲ್ಲ ಅಂದ್ರೆ ಕೊನೇಪಕ್ಷ ಹತ್ತು ಮಾತು ಹಾಳೆಲಿ ಬರೆದು ಬಾಯಿಪಾಠ ಮಾಡ್ಸಿ: ತಲೆ ಸುತ್ತು, ಬೆವರು, ಸುಸ್ತು, ಎದೆ ನೋವು, ಹಸಿವು, ಹೀಗೆ.

ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಈಗ ಆ ಮನೇಲಿ ಏನಾಯ್ತು ಅಂತ ಹೇಳ್ತೀನಿ, ಇದು ಓದೋರು ಇವತ್ತೇ ಹೋಗಿ ಅಮ್ಮನ ಡ್ರಾಯರ್ ತೆಗೆದು ನೋಡ್ಬೇಕು ಅನ್ನೋದೇ ನನ್ನ ಆಸೆ.

ಯಜಮಾನ್ರು ಹೋದ ಮೇಲೆ ಒಬ್ಬ ಹುಡ್ಗೀನ ಕೇರ್‌ಟೇಕರ್ ಅಂತ ಇಟ್ರು. ನಾನಿನ್ನೂ ಆ ಮನೆಗೆ ಹೋಗಿರ್ಲಿಲ್ಲ. ಆ ಹುಡ್ಗಿಗೆ ಇನ್ಸುಲಿನ್ ಹಾಕಕ್ಕೂ ಹೇಳಿದ್ರು, ಅವ್ಳೂ ಆಗಲ್ಲ ಅನ್ನಲಿಲ್ಲ. ಸಿರಿಂಜ್ ಖಾಲಿ ಆಯ್ತು, ಮಗಳು ಮೆಡಿಕಲ್ ಶಾಪಲ್ಲಿ "ಇನ್ಸುಲಿನ್ ಸಿರಿಂಜ್" ಅಂತ ಕೇಳಿ ತಂದ್ರು. ಕಿತ್ತಳೆ ಮುಚ್ಚಳದ್ದು ಕೊಟ್ರು.

ನಮ್ಮಲ್ಲಿ ಬಾಟ್ಲಿಲಿ ಬರೋ ಇನ್ಸುಲಿನ್ ಎರಡು ಥರ. ಒಂದು ಎಂಎಲ್‌ಗೆ 40 ಯೂನಿಟ್ ಇರೋದು, ಇನ್ನೊಂದು ಎಂಎಲ್‌ಗೆ 100 ಯೂನಿಟ್ ಇರೋದು. 40ರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದ್ದಕ್ಕೆ ಕಿತ್ತಳೆ. ಸಿರಿಂಜ್ ಮೇಲಿರೋ ಗೆರೆಗಳು ಆಯಾ ಇನ್ಸುಲಿನ್‌ಗೆ ಮಾತ್ರ ಸರಿ. ಅಮ್ಮನ ಬಾಟ್ಲಿ 40ರದ್ದು. ಕಿತ್ತಳೆ ಸಿರಿಂಜಲ್ಲಿ 18ರ ಗೆರೆ ತನಕ ಎಳೆದ್ರೆ ಒಳಗೆ ಬರೋದು 0.18 ಎಂಎಲ್, ಅಂದ್ರೆ ನಿಜಕ್ಕೂ 7 ಯೂನಿಟ್ ಚಿಲ್ಲರೆ. 18 ಹಾಕ್ತಿದೀವಿ ಅಂತ ಎಲ್ರೂ ಅಂದ್ಕೊಂಡಿದಾರೆ, ಅಮ್ಮಂಗೆ ಹೋಗ್ತಿರೋದು 7.

ಶುಗರ್ 300 ದಾಟ್ತು. ಡಾಕ್ಟರ್ ಹತ್ರ ಕರ್ಕೊಂಡೋದ್ರು, ಅವ್ರು ಶುಗರ್ ಬರೆದಿಟ್ಟ ಪುಸ್ತಕ ನೋಡಿ ಬೆಳಿಗ್ಗೆ 24 ಮಾಡಿ ಅಂದ್ರು. ಅವ್ರ ತಪ್ಪೇನಿಲ್ಲ, ಅವ್ರಿಗೆ ಸಿರಿಂಜ್ ಯಾರೂ ತೋರಿಸಿಲ್ಲ. ಎರಡು ವಾರ ಆದ್ಮೇಲೆ ಆ ಸಿರಿಂಜೂ ಮುಗೀತಾ ಬಂತು, ಈ ಸಲ ಬೇರೆ ಅಂಗಡಿ, ಅಲ್ಲಿ ಬಾಟ್ಲಿ ನೋಡಿ ಸರಿಯಾಗಿ ಕೆಂಪು ಮುಚ್ಚಳದ್ದು ಕೊಟ್ರು. ಮಾರನೇ ದಿನ ಬೆಳಿಗ್ಗೆ 24 ಅಂದ್ರೆ ನಿಜವಾದ 24 ಒಳಗೆ ಹೋಯ್ತು. ಹಿಂದಿನ ದಿನದ ಎರಡೂವರೆ ಪಟ್ಟು.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಮ್ಮ ಸೋಫಾದಲ್ಲೇ ತೂಕಡಿಸಿದ್ರು. ಮೈ ತಣ್ಣಗಿತ್ತು, ಒದ್ದೆ ಇತ್ತು. ಹುಡ್ಗಿ ಚಳಿ ಆಗ್ತಿರ್ಬೇಕು ಅಂತ ಶಾಲು ಹೊದಿಸಿದ್ಳು. ಒಂದು ಗಂಟೆಗೆ ಮಗಳು ಫೋನ್ ಮಾಡಿದ್ರೆ ಅಮ್ಮ "ನಿಮ್ಮಪ್ಪ ಇನ್ನೂ ಬ್ಯಾಂಕಿಂದ ಬಂದಿಲ್ಲ" ಅಂದ್ರಂತೆ. ಮಗಳಿಗೆ ಅನುಮಾನ ಬಂದು ಮೇಲ್ಮನೆಯವ್ರಿಗೆ ಫೋನ್ ಮಾಡಿದ್ರು, ಅವ್ರು ಓಡಿ ಬಂದು ಶುಗರ್ ನೋಡಿಸಿದ್ರೆ 51. ಇನ್ನೂ ಎಚ್ಚರ ಇತ್ತು, ಸಕ್ಕರೆ ನೀರು ಕುಡಿಸಿದ್ರು. ಉಳ್ಕೊಂಡ್ರು.

ನನ್ನ ಕರೆಸಿದ್ದು ಅವತ್ತು ಸಂಜೆ. ಡ್ರಾಯರ್ ತೆಗೆದ ತಕ್ಷಣ ಕಂಡಿದ್ದು ಒಂದು ಕೆಂಪು, ಎರಡು ಕಿತ್ತಳೆ, ಪಕ್ಕಪಕ್ಕ.

ಹಂಗಾಗಿ ಬಾಟ್ಲಿ ಮೇಲೆ ಎಷ್ಟು ಅಂತ ಓದಿ, ಸಿರಿಂಜ್ ಮೇಲೆ ಎಷ್ಟು ಅಂತ ಓದಿ, ಎರಡೂ ಒಂದೇ ನಂಬರ್ ಇರ್ಬೇಕು. ಬೇರೆ ಥರದ್ದು ಮನೇಲಿ ಇಡ್ಲೇಬೇಡಿ. ಡಾಕ್ಟರ್ ಹತ್ರ ಹೋಗುವಾಗ ಪುಸ್ತಕದ ಜೊತೆ ಬಾಟ್ಲಿ, ಒಂದು ಸಿರಿಂಜ್ ಎರಡನ್ನೂ ಕೊಂಡೊಯ್ಯಿರಿ. ಮಿಕ್ಸ್ ಇನ್ಸುಲಿನ್ ಆದ್ರೆ ಕುಲುಕಬಾರ್ದು, ಅಂಗೈ ಮಧ್ಯೆ ಇಟ್ಟು ಹತ್ತು ಸಲ ಉರುಳಿಸಿ, ಹತ್ತು ಸಲ ಮೇಲೆ ಕೆಳಗೆ ಮಾಡಿ, ಪೂರ್ತಿ ಮಜ್ಜಿಗೆ ಥರ ಒಂದೇ ಬಿಳುಪು ಬರ್ಬೇಕು. ತೆಗೆದಿರೋ ಬಾಟ್ಲಿ ಮೇಲೆ ತೆಗೆದ ತಾರೀಖು ಬರೀರಿ, ಸಾಮಾನ್ಯವಾಗಿ 28 ದಿನ, ಆಮೇಲೆ ಔಷಧಿ ಉಳಿದಿದ್ರೂ ಎಸೀಬೇಕು. ಹೊಸ ಬಾಟ್ಲಿ ಫ್ರಿಡ್ಜ್‌ನಲ್ಲಿ ಇರ್ಲಿ, ಆದ್ರೆ ಫ್ರೀಜರ್ ಹತ್ರ ಅಲ್ಲ, ಗಟ್ಟಿಯಾಗಿ ಕರಗಿದ ಇನ್ಸುಲಿನ್ ಕೆಲ್ಸಕ್ಕೆ ಬರಲ್ಲ. ಬಳಸಿದ ಸೂಜಿನ ದಪ್ಪ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ ಮುಚ್ಚಿಡಿ, ತುಂಬಿದ ಮೇಲೆ ಲ್ಯಾಬ್‌ಗೋ ಆಸ್ಪತ್ರೆಗೋ ಕೊಡಿ. ಕಸದ ಗಾಡಿಗೆ ಬರಿ ಸೂಜಿ ಹಾಕಿದ್ರೆ ಚುಚ್ಚೋದು ಪೌರಕಾರ್ಮಿಕರ ಕೈಗೆ.

ಆ ಮನೆಗೆ ಕೊನೆಗೆ ಮಾಡಿದ ಏರ್ಪಾಡು

ಡಾಕ್ಟರ್‌ಗೆ ಸಿರಿಂಜ್ ಕಥೆ ಹೇಳಿದ್ಮೇಲೆ ಅವ್ರು ಡೋಸ್ ಇಳಿಸಿ ಬೆಳಿಗ್ಗೆ 16, ಸಂಜೆ 8 ಮಾಡಿದ್ರು, ಅಮ್ಮ ಈಗ ಮೊದಲಿನಷ್ಟು ಊಟ ಮಾಡಲ್ಲ ಅನ್ನೋದನ್ನೂ ನೋಡಿ. ಬಾಟ್ಲಿ ಬಿಡಿಸಿ ಇನ್ಸುಲಿನ್ ಪೆನ್ ಕೊಟ್ರು. ಪೆನ್‌ನಲ್ಲಿ ನಂಬರ್ ತಿರುಗಿಸೋದಷ್ಟೇ, ಸಿರಿಂಜ್ ಗೊಂದಲ ಇಲ್ಲ. ಅಮ್ಮನ ಕೈ ನಡುಗಲ್ಲ, ಕಣ್ಣಿನ ಪೊರೆ ಆಪರೇಷನ್ ಆಗಿದೆ, ಹಂಗಾಗಿ ಅವ್ರಿಗೇ ಕಲಿಸಿದೆ. ಹತ್ತು ದಿನ ದಿನಾ ಎರಡು ಹೊತ್ತು ಹೋದೆ. ಮೊದಲ ಮೂರು ದಿನ ಅವ್ರು ನೋಡಿದ್ರು, ನಾನು ಹಾಕಿದೆ. ಆಮೇಲೆ ಅವ್ರು ಹಾಕಿದ್ರು, ನಾನು ಕೈ ಕಟ್ಕೊಂಡು ನಿಂತೆ. ಪೆನ್ನನ್ನೂ ಬಾಟ್ಲಿ ಥರಾನೇ ಉರುಳಿಸಿ ಬೆರೆಸ್ಬೇಕು. ಹೊಸ ಸೂಜಿ, ಎರಡು ಯೂನಿಟ್ ಗಾಳಿಗೆ ಬಿಟ್ಟು ಸೂಜಿ ತುದಿಲಿ ಹನಿ ಬರತ್ತಾ ನೋಡೋದು, 16ಕ್ಕೆ ತಿರುಗಿಸೋದು, ಹೊಟ್ಟೆ ಮೇಲೆ ನಿನ್ನೆ ಹಾಕಿದ ಜಾಗ ಬಿಟ್ಟು ಪಕ್ಕಕ್ಕೆ ಹಾಕೋದು, ಒತ್ತಿ ಹತ್ತು ಎಣಿಸೋವರೆಗೂ ಸೂಜಿ ತೆಗೀಬಾರ್ದು. ಹೊಕ್ಕಳ ಸುತ್ತ ಗಂಟು ಕಟ್ಕೊಂಡಿತ್ತು, ಯಜಮಾನ್ರು 12 ವರ್ಷ ಒಂದೇ ಜಾಗಕ್ಕೆ ಹಾಕಿದ್ರು ಪಾಪ. ಗಂಟಿರೋ ಕಡೆ ಹಾಕಿದ್ರೆ ಇನ್ಸುಲಿನ್ ಒಂದೊಂದಿನ ಒಂದೊಂದು ಥರ ರಕ್ತಕ್ಕೆ ಸೇರತ್ತೆ, ಶುಗರ್ ಏರಿಳಿತಕ್ಕೆ ಅದೂ ಒಂದು ಕಾರಣ.

ಕೇರ್‌ಟೇಕರ್ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು. ಹಳೇ ಹುಡ್ಗೀನೇ ಇಟ್ಕೊಳ್ಳಿ ಅಂದೆ, ಅವ್ಳಿಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ ಅಷ್ಟೆ. ಆದ್ರೆ ಅವ್ಳು ಹೆದರಿ ಬಿಟ್ಟು ಹೋಗಿದ್ಳು. ಹೊಸಬರು ಬಂದ್ರು, ರಾಯಚೂರಿನ ಕಡೆಯವ್ರು, ನಲವತ್ತರ ಹತ್ರ ವಯಸ್ಸು, ಅಮ್ಮ ಅವ್ರನ್ನ "ಏನವ್ವಾ" ಅಂತ ಕರೆಯಕ್ಕೆ ಶುರು ಮಾಡಿದ್ರು. ಇವ್ರ ಕೆಲ್ಸ ಇನ್ಸುಲಿನ್ ಹಾಕೋದಲ್ಲ, ಅಮ್ಮ ತಿರುಗಿಸಿದ ನಂಬರ್ ನೋಡೋದು, ಜೋರಾಗಿ ಓದೋದು, ಪುಸ್ತಕದಲ್ಲಿ ಬರೆಯೋದು. ಇನ್ಸುಲಿನ್ ಹಾಕಿದ ಅರ್ಧ ಗಂಟೆ ಒಳಗೆ ತಿಂಡಿ ತಟ್ಟೆ ಮುಂದೆ ಇರ್ಬೇಕು, ಅದೂ ಇವ್ರ ಜವಾಬ್ದಾರಿ. ಸಂಜೆ ಇಂಜೆಕ್ಷನ್ ಏಳೂಕಾಲಿಗೆ, ಊಟ ಏಳೂಮುಕ್ಕಾಲಿಗೆ, ಎರಡೂ ಕೇರ್‌ಟೇಕರ್ ಹೋಗೋ ಮುಂಚೆ. ಬೆಳಿಗ್ಗೆದು ಎಂಟೂಕಾಲಿಗೆ, ಅವ್ರು ಬಂದ ಮೇಲೆ. ಕೇರ್‌ಟೇಕರ್ ಇಲ್ಲದ ಹೊತ್ತಲ್ಲಿ ಇನ್ಸುಲಿನ್ ಇಲ್ಲ, ಅದೊಂದು ಗೆರೆ ಎಳೆದಿದೀವಿ. ಟ್ರಾಫಿಕ್ ಅಂತ ಅವ್ರು ಒಂಬತ್ತಕ್ಕೆ ಬಂದ್ರೆ ಇನ್ಸುಲಿನ್ನೂ ತಿಂಡಿನೂ ಒಟ್ಟಿಗೇ ಮುಂದಕ್ಕೆ ಹೋಗತ್ತೆ, ಒಂದನ್ನ ಬಿಟ್ಟು ಇನ್ನೊಂದು ಆಗಬಾರ್ದು. ಒಂದು ಗಂಟೆಗಿಂತ ತಡ ಆದ್ರೆ ನನಗೆ ಫೋನ್.

ಆಮೇಲೆ ನಾನು ವಾರಕ್ಕೆ ಎರಡು ಸಲ ಹೋಗ್ತೀನಿ. ಮಾತ್ರೆ ಡಬ್ಬಿ ಒಂದು ವಾರಕ್ಕೆ ತುಂಬಿಸ್ತೀನಿ, ಪಾದ ನೋಡ್ತೀನಿ, ಮಲಗಿದ್ದಾಗ ಒಂದು ಸಲ, ನಿಂತ ಮೇಲೆ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಬಿಪಿ ನೋಡ್ತೀನಿ. ನಿಂತಾಗ ಮೇಲಿನ ನಂಬರ್ 20 ಇಳಿದ್ರೆ ಡಾಕ್ಟರ್‌ಗೆ ಹೇಳ್ಬೇಕು, ಬೆಳಿಗ್ಗೆ ಹಾಸಿಗೆಯಿಂದ ಎದ್ದು ಬೀಳೋರಲ್ಲಿ ಎಷ್ಟೋ ಜನಕ್ಕೆ ಕಾರಣ ಇದೇ. ಈ ಮನೆಗೆ ಕೇರ್‌ಟೇಕರ್ ದಿನಕ್ಕೆ 900, ತಿಂಗಳಿಗೆ 27,000. ನನ್ನದು ಒಂದು ಸಲಕ್ಕೆ 600, ತಿಂಗಳಿಗೆ ಎಂಟು ಸಲ 4,800. ಒಟ್ಟು 31,800.

ಶುಗರ್ ಇಳಿದಾಗ ಏನು ಮಾಡ್ಬೇಕು

ಇದನ್ನ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಡ್ಜ್ ಮೇಲೆ ಅಂಟಿಸಿದೀನಿ. ಬೆವರು, ನಡುಕ, ಎದೆ ಹೊಡ್ಕೊಳ್ಳೋದು ಅಂತ ಎಲ್ಲಾ ಕಡೆ ಬರೆದಿರ್ತಾರೆ, ಆದ್ರೆ ವಯಸ್ಸಾದವ್ರಲ್ಲಿ ಇವು ಕಾಣದೇ ಇರ್ಬೋದು, ಕೆಲವು ಬಿಪಿ ಮಾತ್ರೆ ತಗೊಳ್ಳೋರಲ್ಲಿ ನಡುಕಾನೇ ಬರಲ್ಲ. ಕಾಣೋದು ಮಂಕು, ತೂಕಡಿಕೆ, ಸಂಬಂಧ ಇಲ್ಲದ ಮಾತು, ಸುಮ್ಸುಮ್ನೆ ಸಿಟ್ಟು. ಅಮ್ಮ ಇವತ್ತು ಯಾಕೋ ಒಂಥರಾ ಇದಾರೆ ಅನ್ಸಿದ್ರೆ ಸಾಕು, ಮೊದ್ಲು ಶುಗರ್ ನೋಡಿ.

70ಕ್ಕಿಂತ ಕಡಿಮೆ ಇದ್ರೆ ಅರ್ಧ ಲೋಟ ನೀರಿಗೆ ಮೂರು ಟೀ ಚಮಚ ಸಕ್ಕರೆ ಕಲಸಿ ಕುಡಿಸಿ. ಹಾಲು, ಬಿಸ್ಕತ್, ಚಾಕ್ಲೇಟ್ ಬೇಡ, ಅದು ನಿಧಾನ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ 70 ದಾಟಿಲ್ಲ ಅಂದ್ರೆ ಮತ್ತೊಂದು ಸಲ. ದಾಟಿದ ಮೇಲೆ ಇಡ್ಲಿನೋ ಅನ್ನಾನೋ ಕೊಡಿ, ಯಾಕಂದ್ರೆ ಮಿಕ್ಸ್ ಇನ್ಸುಲಿನ್ ಇನ್ನೂ ಗಂಟೆಗಟ್ಟಲೆ ಕೆಲ್ಸ ಮಾಡ್ತಿರತ್ತೆ, ಮತ್ತೆ ಇಳೀಬೋದು, ಒಂದು ಗಂಟೆ ಬಿಟ್ಟು ಇನ್ನೊಂದು ಸಲ ನೋಡಿ. ಎಚ್ಚರ ಇಲ್ಲ, ನುಂಗಕ್ಕಾಗ್ತಿಲ್ಲ ಅಂದ್ರೆ ಬಾಯಿಗೆ ಏನೂ ಹಾಕ್ಬೇಡಿ, ಶ್ವಾಸಕ್ಕೆ ಹೋಗತ್ತೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಮಗಳಿಗೆ ಫೋನ್ ಆಮೇಲೆ. ಈ ಕ್ರಮ ಕೇರ್‌ಟೇಕರ್‌ಗೆ ಬಾಯಲ್ಲಿ ಹೇಳಿದ್ರೆ ಸಾಲಲ್ಲ, ಒಂದಿನ ನಾಟಕ ಆಡಿಸಿ. ನಾನು ಅಮ್ಮನ್ನ ಸೋಫಾದಲ್ಲಿ ಮಲಗಿಸಿ "ಈಗ 58 ಬಂತು, ಏನ್ಮಾಡ್ತೀಯಾ" ಅಂತ ಕೇಳಿದೆ, ಕೇರ್‌ಟೇಕರ್‌ಗೆ ಸಕ್ಕರೆ ಡಬ್ಬ ಹುಡುಕಕ್ಕೇ ಎರಡು ನಿಮಿಷ ಬೇಕಾಯ್ತು, ಶುಗರ್ ಇರೋರ ಮನೆ ಅಂತ ಅಮ್ಮ ಅದನ್ನ ಅಟ್ಟದ ಮೇಲೆ ಇಟ್ಟಿದ್ರು! ಈಗ ಒಂದು ಚಿಕ್ಕ ಡಬ್ಬ ಮೀಟರ್ ಪಕ್ಕದಲ್ಲೇ ಇರತ್ತೆ.

ಮೀಟರ್ ಬಗ್ಗೆ ಒಂದು ಮಾತು. ಚುಚ್ಚೋ ಮುಂಚೆ ಕೈ ತೊಳೆದು ಒರೆಸ್ಬೇಕು. ಒಂದಿನ 291 ಬಂತು ಅಂತ ಗಾಬರಿಯಿಂದ ಫೋನ್ ಬಂತು. ಈಗ ಏನು ಮಾಡ್ತಿದ್ರಿ ಅಂದ್ರೆ ಮಾವಿನಹಣ್ಣು ಹೆಚ್ಚುತಿದ್ರಂತೆ. ತೊಳೆದು ನೋಡಿದ್ರೆ 168.

ಪುಸ್ತಕ ಮತ್ತೆ ಅದ್ರಲ್ಲಿ ಸುಳ್ಳು ಹಿಡಿಯೋದು

200 ಪೇಜಿನ ಉದ್ದ ನೋಟ್‌ಬುಕ್ ಸಾಕು, ಆಪ್ ಎಲ್ಲಾ ಬೇಡ. ದಿನಕ್ಕೊಂದು ಪುಟ. ಸಮಯ, ಶುಗರ್, ಬಿಪಿ, ಪೆನ್ ನಂಬರ್, ಏನು ತಿಂದ್ರು ಎಷ್ಟು ತಿಂದ್ರು, ಮೋಶನ್ ಆಯ್ತಾ, ಕೊನೇಲಿ ಏನಾದ್ರೂ ಹೊಸದಾಗಿ ಕಂಡಿದ್ರೆ ಎರಡು ಸಾಲು. ಕೇರ್‌ಟೇಕರ್ ರಾತ್ರಿ ಹೋಗುವಾಗ ಪುಟದ ಫೋಟೋ ವಾಟ್ಸಾಪ್ ಗುಂಪಿಗೆ ಹಾಕ್ತಾರೆ. ಅದ್ರಲ್ಲಿ ಮಗಳು, ಹೊರಗಿರೋ ಮಗ, ನಾನು.

ಬಿಪಿ ದಿನಾ 130/80 ಅಂತ ಬಂದ್ರೆ ನೋಡ್ತಿಲ್ಲ, ಬರೀತಿದಾರೆ ಅಂತ ಅರ್ಥ. ನಿಜವಾದ ಬಿಪಿ 138/76, 126/82 ಅಂತ ಓಡಾಡ್ತಿರತ್ತೆ. ಒಂದು ವಾರದ ಪುಟ ಎಲ್ಲಾ ಒಂದೇ ಪೆನ್ನು, ಒಂದೇ ಒತ್ತು ಅಂದ್ರೆ ಒಂದೇ ಸಲ ಕೂತು ಬರೆದಿದಾರೆ. ಶುಗರ್‌ಗೆ ಇನ್ನೂ ಸುಲಭ, ಮೀಟರ್‌ನಲ್ಲಿ ಹಳೇ ರೀಡಿಂಗ್ ನೆನಪಿರತ್ತೆ, ಬಟನ್ ಒತ್ತಿ ಹಿಂದಕ್ಕೆ ಹೋಗಿ ಪುಸ್ತಕದ ಜೊತೆ ತಾಳೆ ನೋಡಿ. ಮೀಟರ್‌ನ ತಾರೀಖು ಸರಿ ಇದೆಯಾ ಅಂತ ಮೊದ್ಲೇ ಸೆಟ್ ಮಾಡಿರಿ. 50ರ ಸ್ಟ್ರಿಪ್ ಡಬ್ಬಿ ದಿನಕ್ಕೆ ಎರಡರಂತೆ 25 ದಿನಕ್ಕೆ ಮುಗೀಬೇಕು, ನಲವತ್ತು ದಿನ ಆದ್ರೂ ಉಳಿದಿದ್ರೆ ಕೇಳಿ. ಕೇಳೋದು ಅಂದ್ರೆ ಬೈಯೋದಲ್ಲ. ಎಷ್ಟೋ ಸಲ ಅಮ್ಮನೇ "ದಿನಾ ಚುಚ್ಚಬೇಡವೇ, ಹಾಗೇ ಬರ್ಕೋ" ಅಂದಿರ್ತಾರೆ.

ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು

ಮಕ್ಕಳಿಗೆ ಭಯ ಇರೋದು ಇಲ್ಲೇ. ಮಲಗೋ ಮುಂಚೆ ಅಮ್ಮ ಶುಗರ್ ನೋಡ್ಕೋತಾರೆ, 100ಕ್ಕಿಂತ ಕಡಿಮೆ ಇದ್ರೆ ಒಂದು ಲೋಟ ಹಾಲು ಎರಡು ಬಿಸ್ಕತ್ ಅಂತ ಅವ್ರ ಡಾಕ್ಟರ್ ಹೇಳಿದಾರೆ. ಹಾಸಿಗೆ ಪಕ್ಕ ವೈರ್ ಇಲ್ಲದ ಕಾಲಿಂಗ್ ಬೆಲ್ ಬಟನ್, ಅದರ ಗಂಟೆ ಮೇಲ್ಮನೆಯವ್ರ ಹಾಲಲ್ಲಿ. ಒಂದು ಕೀ ಅವ್ರ ಹತ್ರ. ಸ್ನಾನದ ಮನೆ ಬಾಗಿಲಿನ ಒಳಗಿನ ಚಿಲಕ ಬಿಚ್ಚಿಸಿ, ಹೊರಗಿನಿಂದ್ಲೂ ತೆಗೆಯೋ ಥರದ್ದು ಹಾಕಿಸಿದ್ವಿ, ಅಮ್ಮ ಎರಡು ದಿನ ಮುನಿಸ್ಕೊಂಡಿದ್ರು. ಹೊಸಲಿಗೆ ಹಿಡಿ, ಕಾಲಡಿ ದಾರಿಗೆ ಸಣ್ಣ ರಾತ್ರಿ ದೀಪ. ಕ್ಯಾಮೆರಾ ಹಾಕೋದಾದ್ರೆ ಹಾಲಿಗೆ ಮಾತ್ರ, ಕೇರ್‌ಟೇಕರ್‌ಗೆ ಹೇಳಿಯೇ ಹಾಕಿ, ಮಲಗೋ ಕೋಣೆಗೆ ಬೇಡ.

ರಾತ್ರಿನೂ ಜನ ಬೇಕು ಅಂತ ಯಾವಾಗ? ರಾತ್ರಿ ಮೂರು ನಾಲ್ಕು ಸಲ ಏಳ್ತಿದ್ರೆ, ಒಂದು ಸಲ ಬಿದ್ದಿದ್ರೆ, ರಾತ್ರಿ ಶುಗರ್ ಒಂದು ಸಲ ಇಳಿದಿದ್ರೆ, ಅಥವಾ ಗ್ಯಾಸ್ ಹಚ್ಚಿ ಮರೆಯೋದು, ಕತ್ತಲಾದ ಮೇಲೆ ಗೊಂದಲ ಆಗೋದು ಶುರು ಆದ್ರೆ ತಡ ಮಾಡ್ಬೇಡಿ. ಆಗ್ಲೂ ಬೇಕಿರೋದು ಹೆಚ್ಚಾಗಿ ರಾತ್ರಿ ಕೇರ್‌ಟೇಕರ್, ನರ್ಸ್ ಅಲ್ಲ. ಒಬ್ಬಳನ್ನೇ 24 ಗಂಟೆ ಇಟ್ರೆ ಅವ್ಳು ನಿದ್ದೆ ಮಾಡೋದು ಯಾವಾಗ ಅಂತಾನೂ ಲೆಕ್ಕ ಹಾಕಿ.

ತಟ್ಟೆ, ಲೋಟ, ರಜೆ

ಏರ್ಪಾಡು ಮುರಿಯೋದು ಇನ್ಸುಲಿನ್‌ನಿಂದ ಅಲ್ಲ, ಇದ್ರಿಂದ. ಮೊದಲ ದಿನಾನೇ ಅಮ್ಮ "ಅಡುಗೆಮನೆ ಒಳಗೆ ಬರೋದು ಬೇಡ, ಊಟ ಹೊರಗೆ ಕೊಡ್ತೀನಿ" ಅಂದ್ರು. ಬೇರೆ ತಟ್ಟೆ, ಬೇರೆ ಲೋಟ, ವರಾಂಡದಲ್ಲಿ ಕೂತು ಊಟ. ನನಗೆ ಇದು ಯಾವ ಮನೇಲೂ ಹೊಸದಲ್ಲ, ಅಂದ್ರೆ ಸಹಿಸ್ಕೋತೀನಿ ಅಂತಲ್ಲ. ಮಗಳಿಗೆ ನೇರ ಹೇಳಿದೆ, ಅಮ್ಮಂಗೆ ಶುಗರ್ ಇಳಿದ್ರೆ ಸಕ್ಕರೆ ತರೋಕೆ ಅವ್ರು ಅಡುಗೆಮನೆಗೇ ಹೋಗ್ಬೇಕು, ಹೊರಗೇ ನಿಲ್ಲಿಸೋದಾದ್ರೆ ಕೇರ್‌ಟೇಕರ್ ಯಾಕೆ? ಮಗಳು ಒಂದು ವಾರ ಹಿಡಿದು ಅಮ್ಮನ್ನ ಒಪ್ಪಿಸಿದ್ರು. ಎಲ್ಲಿ ಊಟ, ಯಾವ ಟಾಯ್ಲೆಟ್, ಮಧ್ಯಾಹ್ನ ಎಷ್ಟೊತ್ತು ಕಾಲು ಚಾಚಬೋದು, ಇದನ್ನ ಮೊದಲ ದಿನ ಬಾಯಿ ಬಿಟ್ಟು ಹೇಳಿ.

ಏಜೆನ್ಸಿಗೆ ನೀವು ಕೊಡೋ ದುಡ್ಡಲ್ಲಿ ಆಕೆ ಕೈಗೆ ಎಷ್ಟು ಹೋಗತ್ತೆ ಅಂತ ಕೇಳಿ, ತೀರಾ ಕಡಿಮೆ ಇದ್ರೆ ಎರಡು ತಿಂಗಳಲ್ಲಿ ಬಿಡ್ತಾರೆ. ಅಡ್ವಾನ್ಸ್ ವಾಪಸ್ ಬರತ್ತಾ, ರಜೆ ಹಾಕಿದ ದಿನ ಎಷ್ಟು ಗಂಟೆ ಒಳಗೆ ಬದಲಿ ಕಳಿಸ್ತಾರೆ ಅನ್ನೋದು ಕಾಗದದಲ್ಲಿ ಇರ್ಲಿ. ಒಡವೆ ಲಾಕರ್‌ಗೆ ಹೋಗ್ಲಿ, ಅಮ್ಮನ ಎಟಿಎಂ ಪಿನ್, ಫೋನಿನ ಯುಪಿಐ ಪಿನ್ ಯಾರಿಗೂ ಹೇಳ್ಬಾರ್ದು, ನನಗೂ ಬೇಡ. ಅನುಮಾನದ ಮಾತಲ್ಲ ಇದು, ನಾಳೆ ಏನಾದ್ರೂ ಕಳೆದ್ರೆ ಮೊದ್ಲು ಬೆರಳು ಹೋಗೋದು ಆಕೆ ಕಡೆಗೇ, ಅದನ್ನ ತಪ್ಪಿಸಕ್ಕೆ.

ಇನ್ನು ನಂಬರ್‌ಗಳು. ಗೋಡೆ ಮೇಲೆ ಮೊದ್ಲು 108, ಆಮೇಲೆ 112, ಮೇಲ್ಮನೆಯವ್ರದ್ದು, ಮಗಳದ್ದು, ನನ್ನದು. ಯಾರಾದ್ರೂ ಅಮ್ಮನಿಗೆ ಕಿರುಕುಳ ಕೊಡ್ತಿದ್ರೆ, ದುಡ್ಡಿನ ತಕರಾರು ಇದ್ರೆ ಬೆಂಗಳೂರಲ್ಲಿ ಹಿರಿಯರ ಸಹಾಯವಾಣಿ 1090 ಇದೆ, ದೇಶಕ್ಕೆಲ್ಲ ಸೇರಿ 14567 ಇದೆ, ಆದ್ರೆ ಅವು ಆಂಬುಲೆನ್ಸ್ ಅಲ್ಲ, ಪ್ರಾಣಕ್ಕೆ ಬಂದಾಗ ಅಲ್ಲಿಗೆ ಫೋನ್ ಮಾಡಿ ಹೊತ್ತು ಕಳೀಬೇಡಿ.

ದೀಪಾವಳಿಗೆ ರಾಯಚೂರಿನವ್ರು ಐದು ದಿನ ಊರಿಗೆ ಹೋದ್ರು. ಬದಲಿ ಬಂದ ಹುಡ್ಗಿಗೆ ಇಪ್ಪತ್ತು ವರ್ಷ ಇರ್ಬೋದು. ನಾನು ಹೋಗೋ ಹೊತ್ತಿಗೆ ಅಮ್ಮ ಅವ್ಳನ್ನ ಪಕ್ಕ ಕೂರಿಸ್ಕೊಂಡು ಪೆನ್ ತೋರಿಸ್ತಿದ್ರು. "ನೋಡಮ್ಮ, ಇಲ್ಲಿ 16 ಇರ್ಬೇಕು. ಜೋರಾಗಿ ಓದು. ಓದಿಲ್ಲ ಅಂದ್ರೆ ನಾನು ಚುಚ್ಕೊಳಲ್ಲ."